ಬೋಳುತಲೆಯ ಸಜ್ಜು: ಗಡ್ಡ, ಕನ್ನಡಕ, ಆರೈಕೆ

ಕೂದಲು ಉದುರಿ ಬೋಳಾದ ಅಥವಾ ಬೇಕೆಂದೇ ನುಣ್ಣಗೆ ಬೋಳಿಸಿದ ತಲೆಗೆ ಗಡ್ಡ, ಮೀಸೆ, ಕನ್ನಡಕ, ಚರ್ಮದ ಆರೈಕೆ ಇವನ್ನು ಹೊಂದಿಸಿ ಮುಖಕ್ಕೆ ಸಮತೂಕ ತಂದುಕೊಳ್ಳುವ ಕ್ರಮ. ತಲೆ ಬೋಳಿಸುವ ವಾಡಿಕೆ ಬಹಳ ಹಳೆಯದು. ಬೋಳಿಸಿದ ತಲೆ ಚೆನ್ನಾಗಿ ಕಾಣಬೇಕು ಎಂಬ ಲೆಕ್ಕಾಚಾರ ಮಾತ್ರ ಹೊಸದು. ಯಾವ ಮುಖಕ್ಕೆ ಯಾವ ಗಡ್ಡ ಒಪ್ಪುತ್ತದೆ ಎಂಬ ಪಟ್ಟಿಗಳು ಎಲ್ಲ ಕಡೆಯೂ ಸಿಗುತ್ತವೆ. ಆದರೆ ಈ ಸಜ್ಜು ಕೂಡುವುದೂ ಕೆಡುವುದೂ ಹೆಚ್ಚಾಗಿ ಒಂದೇ ಜಾಗದಲ್ಲಿ, ಕಿವಿಯ ಮುಂದಿನ ಎರಡು ಅಂಗುಲದಲ್ಲಿ. ಬೋಳು ಚರ್ಮ ಮುಗಿಯುವುದು, ಗಡ್ಡ ಶುರುವಾಗುವುದು, ಕನ್ನಡಕದ ಕಡ್ಡಿ ಹಾದುಹೋಗುವುದು ಅಲ್ಲೇ.

ಹಿನ್ನೆಲೆ

ಪ್ರಾಚೀನ ಈಜಿಪ್ಟಿನ ಪುರೋಹಿತರು ಶುಚಿತ್ವಕ್ಕಾಗಿ ಮೈಯ ಕೂದಲನ್ನೆಲ್ಲ ತೆಗೆಯುತ್ತಿದ್ದರು. ಬೌದ್ಧ ಭಿಕ್ಷುಗಳು ತಲೆ ಬೋಳಿಸುತ್ತಾರೆ. ಜೈನ ಮುನಿಗಳು ಕೂದಲನ್ನು ಕೈಯಿಂದಲೇ ಕೀಳುವ ಕೇಶಲೋಚವನ್ನು ಪಾಲಿಸುತ್ತಾರೆ. ಕರ್ನಾಟಕದಲ್ಲಿ ತಿರುಪತಿಗೋ ಮನೆದೇವರಿಗೋ ಮುಡಿ ಕೊಡುವುದು, ತಂದೆ ತಾಯಿ ತೀರಿಕೊಂಡಾಗ ಮಗ ಕೇಶಮುಂಡನ ಮಾಡಿಸಿಕೊಳ್ಳುವುದು ಇಂದಿಗೂ ನಡೆದಿದೆ. ತಲೆ ಬೋಳಿಸಿಕೊಂಡು ಆಫೀಸಿಗೆ ಹೋದವನಿಗೆ ‘ಯಾಕೆ ಸಾರ್, ತಿರುಪತಿಗೆ ಹೋಗಿದ್ರಾ?’ ಎಂಬ ಪ್ರಶ್ನೆ ಎದುರಾಗುವುದು ಇದರಿಂದಲೇ. ಕೆಲವರು ಹಾಗೆ ಕೇಳಲೂ ಅಂಜಿ, ಮನೆಯಲ್ಲಿ ಏನಾದರೂ ಆಯಿತೇ ಎಂದು ಬೇರೆಯವರ ಹತ್ತಿರ ವಿಚಾರಿಸುತ್ತಾರೆ. ಮುಡಿ ಕೊಡುವಾಗಲೂ ಸೂತಕದಲ್ಲೂ ಸಾಮಾನ್ಯವಾಗಿ ಗಡ್ಡ ಮೀಸೆಗಳೂ ತಲೆಗೂದಲಿನ ಜೊತೆಗೇ ಹೋಗುತ್ತವೆ. ಹಾಗಾಗಿ ಬೋಳುತಲೆಯ ಕೆಳಗೆ ಓರಣವಾದ ಗಡ್ಡ ಕಂಡರೆ ನಮ್ಮವರ ಕಣ್ಣಿಗೆ ಅದು ಹರಕೆಯೂ ಅಲ್ಲ, ಸೂತಕವೂ ಅಲ್ಲ, ಆತ ಬೇಕೆಂದೇ ಮಾಡಿಕೊಂಡದ್ದು ಎಂದು ತಟ್ಟನೆ ಗೊತ್ತಾಗುತ್ತದೆ. ಗಡ್ಡದ ಈ ಉಪಯೋಗವನ್ನು ಪಾಶ್ಚಾತ್ಯ ಅಲಂಕಾರದ ಪುಸ್ತಕಗಳು ಹೇಳುವುದಿಲ್ಲ, ಹೇಳುವ ಅಗತ್ಯವೂ ಅವಕ್ಕಿಲ್ಲ.

ಬೋಳುತಲೆಯನ್ನು ಆಯ್ಕೆಯ ರೂಪವಾಗಿ ಜನಪ್ರಿಯಗೊಳಿಸಿದವರು ಚಿತ್ರನಟರು. ಯೂಲ್ ಬ್ರಿನ್ನರ್ 1951ರಲ್ಲಿ ‘ದಿ ಕಿಂಗ್ ಅಂಡ್ ಐ’ ರಂಗಪ್ರಯೋಗಕ್ಕೆಂದು ತಲೆ ಬೋಳಿಸಿದ, 1956ರ ಚಿತ್ರದಲ್ಲೂ ಹಾಗೆಯೇ ಕಾಣಿಸಿಕೊಂಡ. ಟೆಲ್ಲಿ ಸವಾಲಸ್ 1965ರ ಬೈಬಲ್ ಕಥೆಯ ಚಿತ್ರವೊಂದರಲ್ಲಿ ಪಿಲಾತನ ಪಾತ್ರಕ್ಕೆ ತಲೆ ಬೋಳಿಸಿ, ಆಮೇಲೆ ‘ಕೊಜ್ಯಾಕ್’ ಧಾರಾವಾಹಿಯ ಪೊಲೀಸ್ ಅಧಿಕಾರಿಯಾಗಿ ಅದೇ ರೂಪದಲ್ಲಿ ಮನೆಮಾತಾದ. ಇಬ್ಬರಿಗೂ ಗಡ್ಡವಿರಲಿಲ್ಲ. ಬೋಳುತಲೆ, ಬಾಯಿ ಸುತ್ತಿನ ಗಡ್ಡ, ಕನ್ನಡಕ ಮೂರೂ ಒಟ್ಟಿಗೆ ಬಂದ ರೂಪಕ್ಕೆ ಹೆಸರಾದದ್ದು 2008ರಿಂದ 2013ರವರೆಗೆ ಪ್ರಸಾರವಾದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ವಾಲ್ಟರ್ ವೈಟ್ ಪಾತ್ರ. ಆರಂಭದಲ್ಲಿ ತಲೆತುಂಬ ಕೂದಲು, ಮೀಸೆ ಇದ್ದ ಮೆದು ಸ್ವಭಾವದ ಮೇಷ್ಟ್ರು ತಲೆ ಬೋಳಿಸಿ ಗಡ್ಡ ಬಿಟ್ಟ ಮೇಲೆ ಬೇರೆಯೇ ಮನುಷ್ಯನಾಗಿ ಕಾಣುವುದನ್ನು ಅಲ್ಲಿ ಗಮನಿಸಬಹುದು. ಕನ್ನಡದಲ್ಲಿ ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ (2017) ಇದಕ್ಕೆ ತೀರ ಭಿನ್ನ. ಬೋಳಾಗುತ್ತಿರುವ ತಲೆಯನ್ನು ಹೊತ್ತು ಹೆಣ್ಣು ಹುಡುಕುವ ಕನ್ನಡ ಉಪನ್ಯಾಸಕನ ಪಾಡನ್ನು ಆ ಚಿತ್ರ ಹೇಳುತ್ತದೆ.

ಕೂದಲು ಹೋದಾಗ ಮುಖಕ್ಕೆ ಆಗುವುದೇನು

ಚಿತ್ರಕಾರರು ಮುಖವನ್ನು ಮೂರು ಸಮಭಾಗ ಮಾಡಿ ನೋಡುತ್ತಾರೆ: ಕೂದಲಂಚಿನಿಂದ ಹುಬ್ಬಿನವರೆಗೆ, ಹುಬ್ಬಿನಿಂದ ಮೂಗಿನ ಬುಡದವರೆಗೆ, ಅಲ್ಲಿಂದ ಗಲ್ಲದ ತುದಿಯವರೆಗೆ. ಕೂದಲು ಹೋದರೆ ಮೊದಲ ಭಾಗಕ್ಕೆ ಮೇಲಿನ ಗಡಿಯೇ ಇರುವುದಿಲ್ಲ. ಹಣೆ ನೆತ್ತಿಯವರೆಗೂ ಚಾಚುತ್ತದೆ, ಮುಖದ ಭಾರವೆಲ್ಲ ಮೇಲಕ್ಕೆ ಹೋದಂತೆ ಕಾಣುತ್ತದೆ, ಕಣ್ಣು ಮೂಗು ಬಾಯಿಗಳು ತಲೆಯ ಕೆಳ ಅರ್ಧಕ್ಕೆ ಸರಿದು ಒತ್ತಿಕೊಂಡಂತೆ ಅನಿಸುತ್ತದೆ. ಗಡ್ಡ ಈ ಭಾರವನ್ನು ಕೆಳಕ್ಕೆ ಎಳೆಯುತ್ತದೆ. ಕನ್ನಡಕ ನಡುವೆ ಒಂದು ಅಡ್ಡಗೆರೆ ಹಾಕಿ, ಕಳೆದುಹೋದ ಗಡಿಯ ಬದಲಿಗೆ ಕಣ್ಣಿಗೆ ಒಂದು ನೆಲೆ ಕೊಡುತ್ತದೆ.

ತಲೆಗೂದಲು ಉದುರಿದವರಲ್ಲಿ ಅನೇಕರಿಗೆ ದಟ್ಟ ಗಡ್ಡ ಇರುವುದು ವಿಚಿತ್ರವಾಗಿ ಕಂಡರೂ ಅದಕ್ಕೆ ಕಾರಣವಿದೆ. ಟೆಸ್ಟೊಸ್ಟೆರೋನ್‌ನಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನು ನೆತ್ತಿಯ ಮತ್ತು ಹಣೆಯಂಚಿನ ಕೂದಲಬುಡಗಳನ್ನು ಕುಗ್ಗಿಸುತ್ತದೆ. ಅದೇ ಹಾರ್ಮೋನು ಗಡ್ಡದ ಕೂದಲಬುಡಗಳನ್ನು ಬೆಳೆಸುತ್ತದೆ. ತಲೆಯ ಪಕ್ಕ ಮತ್ತು ಹಿಂಭಾಗದ ಕೂದಲಬುಡಗಳು ಇದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಆದ್ದರಿಂದಲೇ ನೆತ್ತಿ ಬೋಳಾದ ಮೇಲೂ ಕಿವಿಯಿಂದ ಕಿವಿಗೆ ಕುದುರೆಲಾಳದಂಥ ಒಂದು ಪಟ್ಟಿ ಉಳಿದುಬಿಡುತ್ತದೆ. ಈ ಉದುರುವಿಕೆಯನ್ನು ಹಂತಗಳಾಗಿ ಅಳೆಯುವ ಕ್ರಮವನ್ನು ಹ್ಯಾಮಿಲ್ಟನ್ 1951ರಲ್ಲಿ ಆರಂಭಿಸಿದ, ನಾರ್‌ವುಡ್ 1975ರಲ್ಲಿ ಅದನ್ನು ಏಳು ಹಂತಗಳಾಗಿ ಪರಿಷ್ಕರಿಸಿದ. ಚರ್ಮವೈದ್ಯರು ಇಂದಿಗೂ ಅದನ್ನೇ ಬಳಸುತ್ತಾರೆ.

ಯಾವ ಹಂತದಲ್ಲಿ ಬೋಳಿಸಬೇಕು? ನೆತ್ತಿಯ ಚರ್ಮ ಟ್ಯೂಬ್‌ಲೈಟಿನ ಕೆಳಗೆ ಸ್ಪಷ್ಟವಾಗಿ ಕಾಣತೊಡಗಿ, ಪಕ್ಕದ ಕೂದಲನ್ನು ಅಡ್ಡ ಬಾಚಿ ಮುಚ್ಚುವ ಕೆಲಸ ಶುರುವಾದರೆ ಬೋಳಿಸುವ ಹೊತ್ತು ಬಂದಿದೆ ಎಂದು ಈ ಲೇಖಕನ ಅಭಿಪ್ರಾಯ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಮ್ಯಾನ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಹೊಂದುತ್ತದೆ. ಒಬ್ಬನೇ ಗಂಡಸಿನ ಭಾವಚಿತ್ರದಲ್ಲಿ ಕಂಪ್ಯೂಟರಿನಿಂದ ಕೂದಲು ಅಳಿಸಿ ತೋರಿಸಿದಾಗ, ನೋಡಿದವರು ಆತನನ್ನು ಹೆಚ್ಚು ಗಟ್ಟಿಗನೆಂದೂ ಸುಮಾರು ಒಂದು ಅಂಗುಲ ಹೆಚ್ಚು ಎತ್ತರದವನೆಂದೂ ಅಂದಾಜಿಸಿದರು. ಜೊತೆಗೆ ಹೆಚ್ಚು ವಯಸ್ಸಾದವನು, ಅಷ್ಟೇನೂ ಚೆಲುವನಲ್ಲ ಎಂದೂ ಹೇಳಿದರು. ತಲೆ ಬೋಳಿಸಿದರೆ ಎಲ್ಲವೂ ಲಾಭ ಎನ್ನುವ ಪತ್ರಿಕಾ ಬರಹಗಳು ಎರಡನೆಯ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಕಿವಿಯ ಮುಂದಿನ ಎರಡು ಅಂಗುಲ

ತಲೆಯಲ್ಲಿ ಕೂದಲಿರುವವನಿಗೆ ಸೈಡ್‌ಲಾಕು ತಲೆಗೂದಲನ್ನೂ ಗಡ್ಡವನ್ನೂ ಜೋಡಿಸುವ ಸೇತುವೆ. ತಲೆ ಬೋಳಾದರೆ ಆ ಸೇತುವೆಯ ಒಂದು ದಡವೇ ಇಲ್ಲ. ಗಡ್ಡವನ್ನು ಅದೇ ದಪ್ಪದಲ್ಲಿ ಕಿವಿಯ ಮೇಲಿನವರೆಗೆ ಬಿಟ್ಟು ಅಲ್ಲಿ ಅಡ್ಡಗೆರೆ ಎಳೆದು ನಿಲ್ಲಿಸಿದರೆ, ಗಡ್ಡವನ್ನು ಕಿವಿಗೆ ದಾರ ಕಟ್ಟಿ ನೇತುಹಾಕಿದ ಹಾಗಿರುತ್ತದೆ. ನಾಟಕದ ವೇಷದ ಗಡ್ಡ ಎಂದು ಗೆಳೆಯರು ಹಾಸ್ಯ ಮಾಡುವುದು ಈ ಅಡ್ಡಗೆರೆಗೆ, ಗಡ್ಡಕ್ಕಲ್ಲ.

ಇದಕ್ಕೆ ಪರಿಹಾರ, ಗಡ್ಡವನ್ನು ಮೇಲಕ್ಕೆ ಹೋದಂತೆ ತೆಳುವಾಗಿಸಿ ಚರ್ಮದಲ್ಲಿ ಕರಗಿಸುವುದು. ಕಟಿಂಗ್ ಶಾಪುಗಳಲ್ಲಿ ಇದಕ್ಕೆ ಫೇಡ್ ಎನ್ನುತ್ತಾರೆ. ಮೊದಲು ಇಡೀ ಗಡ್ಡವನ್ನು ಒಂದೇ ಉದ್ದಕ್ಕೆ, ಉದಾಹರಣೆಗೆ 12 ಮಿಲಿಮೀಟರಿಗೆ, ಟ್ರಿಮ್ ಮಾಡಬೇಕು. ಆಮೇಲೆ ಕಿವಿಯ ಹಾಲೆಯ ಮಟ್ಟದಿಂದ ಮೇಲಕ್ಕೆ 6 ಮಿಲಿಮೀಟರ್, ಅಂದರೆ ಎರಡನೆಯ ನಂಬರಿನ ಗಾರ್ಡ್. ಕಿವಿರಂಧ್ರದ ಮಟ್ಟದಿಂದ ಮೇಲಕ್ಕೆ ಮೊದಲ ನಂಬರಿನ ಗಾರ್ಡ್, 3 ಮಿಲಿಮೀಟರ್. ಕನ್ನಡಕದ ಕಡ್ಡಿ ಹಾದುಹೋಗುವ ಕಿವಿಯ ಮೇಲ್ತುದಿಗಿಂತ ಬೆರಳಗಲ ಕೆಳಗಿನಿಂದ ಗಾರ್ಡಿಲ್ಲದ ಟ್ರಿಮ್ಮರ್. ಕಡ್ಡಿಯ ಮಟ್ಟಕ್ಕೆ ಬರುವ ಹೊತ್ತಿಗೆ ಚರ್ಮ ಪೂರ್ತಿ ನುಣುಪಾಗಿರಬೇಕು. ಪ್ರತಿ ಪಟ್ಟಿಯ ಮೇಲಂಚಿನಲ್ಲಿ ಟ್ರಿಮ್ಮರನ್ನು ನೇರ ಮೇಲಕ್ಕೆ ತಳ್ಳದೆ ಹೊರಕ್ಕೆ ಎತ್ತಿಬಿಡಬೇಕು. ಹಾಗೆ ಮಾಡದಿದ್ದರೆ ಪಟ್ಟಿಗಳ ನಡುವೆ ಮೆಟ್ಟಿಲು ಕಾಣುತ್ತದೆ. ಮೆಟ್ಟಿಲು ಬಿದ್ದಿದೆಯೇ ಎಂದು ತಿಳಿಯಲು ಎದುರಿನ ಕನ್ನಡಿ ಸಾಲದು. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನಿಂತು, ಎರಡನೆಯ ಕನ್ನಡಿಯಲ್ಲಿ ಪಾರ್ಶ್ವನೋಟ ನೋಡಬೇಕು.

ಈ ಹೊಂದಾಣಿಕೆ ಹೆಚ್ಚು ದಿನ ಬಾಳುವುದಿಲ್ಲ. ಕೂದಲು ದಿನಕ್ಕೆ ಸುಮಾರು ಮೂರನೆಯ ಒಂದು ಮಿಲಿಮೀಟರ್ ಬೆಳೆಯುತ್ತದೆ. ನಾಲ್ಕೈದು ದಿನದಲ್ಲಿ ಗಾರ್ಡಿಲ್ಲದೆ ಹೊಡೆದ ಜಾಗ ಒಂದೂವರೆ ಮಿಲಿಮೀಟರಿನಷ್ಟಾಗಿ, ಅಡ್ಡಗೆರೆ ಮತ್ತೆ ಮೂಡುತ್ತದೆ. ಆದ್ದರಿಂದ ಗಡ್ಡದ ಉಳಿದ ಭಾಗವನ್ನು ಹದಿನೈದು ದಿನಕ್ಕೊಮ್ಮೆ ಕ್ಷೌರಿಕನಿಗೆ ಬಿಟ್ಟರೂ ಈ ಎರಡು ಅಂಗುಲವನ್ನು ವಾರಕ್ಕೆ ಎರಡು ಸಲ ಮನೆಯಲ್ಲೇ ನೋಡಿಕೊಳ್ಳಬೇಕಾಗುತ್ತದೆ. ಇಷ್ಟೂ ಸಮಯ ಕೊಡಲಾಗದವರು ಇಡೀ ಗಡ್ಡವನ್ನೇ 3 ಮಿಲಿಮೀಟರಿನ ಕುರುಚಲಾಗಿ ಇಟ್ಟುಕೊಂಡರೆ ಮೆಟ್ಟಿಲಿನ ಸಮಸ್ಯೆ ಹೆಚ್ಚುಕಡಿಮೆ ತಪ್ಪುತ್ತದೆ.

ಗಡ್ಡದ ಆಕಾರ

ಬೋಳುತಲೆಯ ಕೆಳಗೆ ಗಡ್ಡದ ಉದ್ದಕ್ಕಿಂತ ಮುಖ್ಯವಾದದ್ದು, ಗಲ್ಲಕ್ಕೂ ಕೆನ್ನೆಗೂ ಇರುವ ಉದ್ದದ ವ್ಯತ್ಯಾಸ. ಕೆನ್ನೆಯಲ್ಲಿ 6, ಗಲ್ಲದಲ್ಲಿ 12 ಮಿಲಿಮೀಟರ್ ಇದ್ದರೆ ಮುಖ ಉದ್ದವಾಗುತ್ತದೆ, ದುಂಡುಮುಖದವರಿಗೆ ಇದು ಒಪ್ಪುತ್ತದೆ. ಮೊದಲೇ ಉದ್ದಮುಖದವರು ಹೀಗೆ ಮಾಡಿದರೆ ತಲೆಯಿಂದ ಗಲ್ಲದವರೆಗೆ ಒಂದೇ ನೀಳ ಆಕಾರವಾಗಿ ಎಳೆದುಕೊಳ್ಳುತ್ತದೆ. ಅವರು ಎರಡೂ ಕಡೆ ಒಂದೇ ಉದ್ದವಿಟ್ಟು ದವಡೆಯ ಮೂಲೆಗಳನ್ನು ತುಂಬಿಕೊಳ್ಳುವುದು ಲೇಸು.

ಹೆಚ್ಚು ಜನ ಎಡವುವುದು ಕುತ್ತಿಗೆಯ ಅಂಚಿನಲ್ಲಿ. ದವಡೆಯ ಮೂಳೆಯ ಮೇಲೆಯೇ ಗೆರೆ ಎಳೆದರೆ ಕೆಳಗಿನ ಮೆದುಭಾಗ ಬೆತ್ತಲಾಗಿ, ಇಲ್ಲದ ಇಮ್ಮಡಿ ಗಲ್ಲ ಇದ್ದಂತೆ ಕಾಣುತ್ತದೆ. ಗಂಟಲಮಣಿಯ ಮೇಲೆ ಎರಡು ಬೆರಳಿಟ್ಟು, ಆ ಬೆರಳುಗಳ ಮೇಲಂಚಿನಿಂದ ಎರಡೂ ಕಿವಿಗಳ ಹಿಂದಿನ ದವಡೆಮೂಲೆಯವರೆಗೆ ಬಾಗಿದ ಗೆರೆ ಎಳೆಯುವುದು ಸರಿಯಾದ ಕ್ರಮ. ಕೆನ್ನೆಯ ಮೇಲಂಚನ್ನು ಆದಷ್ಟು ಮುಟ್ಟದಿರುವುದೇ ವಾಸಿ. ಅದನ್ನು ಬ್ಲೇಡಿನಿಂದ ತೀಡಿ ಕೆಳಗಿಳಿಸಿದಷ್ಟೂ ಬೋಳು ಪ್ರದೇಶ ಹೆಚ್ಚುತ್ತದೆ, ಅದು ಈಗಾಗಲೇ ಬೇಕಾದಷ್ಟಿದೆ.

ನಮ್ಮಲ್ಲಿ ಫ್ರೆಂಚ್ ಗಡ್ಡ ಎನ್ನುವ ಬಾಯಿ ಸುತ್ತಿನ ಗಡ್ಡ ಕೆನ್ನೆಯಲ್ಲಿ ಕೂದಲು ವಿರಳವಾಗಿರುವವರಿಗೆ ಅನುಕೂಲ. ಕಿವಿಯ ಮುಂದಿನ ತಾಪತ್ರಯವೂ ಅದಕ್ಕಿಲ್ಲ. ದವಡೆ ಗಟ್ಟಿಯಾಗಿರುವ, ಕೆನ್ನೆ ಇಳಿದ ಮುಖಕ್ಕೆ ಅದು ಚೆನ್ನ. ದುಂಡು ಕೆನ್ನೆಗೆ ಮಾತ್ರ ಕೂಡದು, ಬೋಳುತಲೆ, ಬೋಳು ಕೆನ್ನೆಗಳ ದೊಡ್ಡ ವೃತ್ತದೊಳಗೆ ಅದು ಇನ್ನೊಂದು ಸಣ್ಣ ವೃತ್ತವಾಗುತ್ತದೆ.

ಕನ್ನಡಕ

ಕೂದಲಿದ್ದವರ ಕನ್ನಡಕದಲ್ಲಿ ಎದುರಿನ ಭಾಗ ಮಾತ್ರ ಕಾಣುತ್ತದೆ, ಕಡ್ಡಿಗಳು ಅರ್ಧ ಮುಚ್ಚಿಹೋಗುತ್ತವೆ. ಬೋಳುತಲೆಯಲ್ಲಿ ಕಡ್ಡಿ ಕಿವಿಯ ಹಿಂದೆ ಬಾಗುವ ತುದಿಯವರೆಗೂ ಬಯಲಾಗಿರುತ್ತದೆ. ಹಾಗಾಗಿ ಫ್ರೇಮ್ ಕೊಳ್ಳುವಾಗ ಅಂಗಡಿಯ ಕನ್ನಡಿಯಲ್ಲಿ ಎದುರುನೋಟ ನೋಡಿದರೆ ಸಾಲದು, ಪಕ್ಕದಿಂದ ಫೋಟೊ ತೆಗೆಸಿ ನೋಡಬೇಕು.

ಆಕಾರಕ್ಕಿಂತ ಮೊದಲು ನೋಡಬೇಕಾದ್ದು ಅಗಲ. ಕಡ್ಡಿಯ ಒಳಮೈಯಲ್ಲಿ 52□18 145 ಎಂಬಂತೆ ಸಂಖ್ಯೆಗಳಿರುತ್ತವೆ. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲಿನ ಸೇತುವೆ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಎರಡು ಗಾಜು, ಒಂದು ಸೇತುವೆ ಸೇರಿಸಿ, ಕೀಲುಗಳಿಗೆಂದು ಸುಮಾರು 12 ಕೂಡಿಸಿದರೆ ಫ್ರೇಮಿನ ಪೂರ್ತಿ ಅಗಲದ ಅಂದಾಜು ಸಿಗುತ್ತದೆ. ಅದು ಕಣತಲೆಯಿಂದ ಕಣತಲೆಗಿರುವ ಅಗಲಕ್ಕೆ ಹತ್ತಿರವಿರಬೇಕು. ಫ್ರೇಮ್ ಕಿರಿದಾದರೆ ಕಡ್ಡಿಗಳು ಹೊರಕ್ಕೆ ಅಗಲಿ, ಕಣತಲೆಯನ್ನು ಒತ್ತಿ ಗುಳಿ ಮಾಡುತ್ತವೆ. ಸಂಜೆ ಕನ್ನಡಕ ತೆಗೆದಾಗ ಕಿವಿಯ ಮೇಲೆ ಗೆರೆ ಉಳಿದಿದ್ದರೆ ಫ್ರೇಮ್ ಬಿಗಿಯೆಂದೇ ಅರ್ಥ. ಕೂದಲಿದ್ದವರಲ್ಲಿ ಆ ಗೆರೆ ಯಾರಿಗೂ ಕಾಣದು, ಬೋಳುತಲೆಯಲ್ಲಿ ಅದು ಬರೆ ಎಳೆದಂತೆ ತೋರುತ್ತದೆ.

ದುಂಡು ಮುಖಕ್ಕೆ ಚೌಕ, ಚೌಕ ಮುಖಕ್ಕೆ ದುಂಡು ಎಂಬ ಅಂಗಡಿಯ ಸೂತ್ರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗಾಂಧೀಜಿಯವರ ಬೋಳುತಲೆಗೆ ದುಂಡು ಕನ್ನಡಕ ಹೊಂದಿತ್ತು, ಏಕೆಂದರೆ ಅವರ ಕೆನ್ನೆ ಇಳಿದಿತ್ತು, ಮೀಸೆ ಕೆಳಗೆ ಒಂದು ಅಡ್ಡಗೆರೆ ಹಾಕಿತ್ತು. ಅದೇ ಕನ್ನಡಕವನ್ನು ತುಂಬುಗೆನ್ನೆಯವನಿಗೆ ಹಾಕಿದರೆ ಎಲ್ಲವೂ ವೃತ್ತವಾಗುತ್ತದೆ. ಫ್ರೇಮಿನ ಮೇಲಂಚು ಹುಬ್ಬಿನ ಗೆರೆಯನ್ನು ಅನುಸರಿಸಬೇಕು ಎಂಬುದು ಆಕಾರದ ಸೂತ್ರಕ್ಕಿಂತ ಹೆಚ್ಚು ನಂಬಬಹುದಾದ ಮಾತು. ಹುಬ್ಬು ಫ್ರೇಮಿನ ಮೇಲೆ ಪೂರ್ತಿ ಕಂಡರೆ ಎರಡು ಅಡ್ಡಗೆರೆಗಳಾಗಿ, ವಿಶಾಲ ಹಣೆಯ ಕೆಳಗೆ ಗಜಿಬಿಜಿಯಾಗುತ್ತದೆ.

ಬಣ್ಣದ ವಿಷಯದಲ್ಲಿ ಒಂದು ಮಾತು ಸಾಕು. ದಟ್ಟ ಕಪ್ಪು ಗಡ್ಡ, ದಪ್ಪ ಹುಬ್ಬು, ದಪ್ಪ ಕಪ್ಪು ಫ್ರೇಮ್ ಮೂರೂ ಕೂಡಿದರೆ ಮುಖ ಕಾಣದೆ ಅವೇ ಕಾಣುತ್ತವೆ. ಗಡ್ಡ ದಟ್ಟವಾಗಿದ್ದರೆ ಕಂದು ಅಥವಾ ತೆಳು ಲೋಹದ ಫ್ರೇಮ್, ಗಡ್ಡ ಕುರುಚಲಾಗಿದ್ದರೆ ದಪ್ಪ ಫ್ರೇಮ್ ಎಂದು ಹಂಚಿಕೊಳ್ಳುವುದು ಒಳ್ಳೆಯದು.

ಹೆಚ್ಚು ಮೈನಸ್ ಪವರ್ ಇರುವವರಿಗೆ ಇನ್ನೊಂದು ತೊಡಕಿದೆ. ಗಾಜಿನ ಮೂಲಕ ಕಾಣುವ ಕಣತಲೆಯ ಅಂಚು ಒಳಕ್ಕೆ ಸರಿದು, ಮುಖದ ಹೊರಗೆರೆ ಅಲ್ಲಿ ಮುರಿದಂತಾಗುತ್ತದೆ. ಕೂದಲು ಅದನ್ನು ಕೊಂಚ ಮರೆಮಾಚುತ್ತಿತ್ತು, ಬೋಳುತಲೆಯಲ್ಲಿ ಅದು ಎದ್ದು ಕಾಣುತ್ತದೆ. ದುಬಾರಿಯ ತೆಳುಗಾಜು ಹಾಕಿಸಿದರೆ ಗಾಜಿನ ದಪ್ಪ ಕಡಿಮೆಯಾದೀತು, ಈ ಮುರಿತ ಹೋಗುವುದಿಲ್ಲ. ಫ್ರೇಮಿನ ಅಗಲ ಅಷ್ಟೇ ಇದ್ದು ಗಾಜು ಸಣ್ಣದಾಗಿರುವ ಮಾದರಿಯಲ್ಲಿ ಅದು ಕಡಿಮೆ ಕಾಣುತ್ತದೆ.

ಒಂದು ಉದಾಹರಣೆ

ಇವೆಲ್ಲ ಕೂಡಿದಾಗ ಹೇಗಿರುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಬಹುದು. ನಲವತ್ತರ ಆಸುಪಾಸಿನ ಒಬ್ಬ ಮೇಷ್ಟ್ರು. ಗೋಧಿಬಣ್ಣ, ದುಂಡುಮುಖ. ನಾರ್‌ವುಡ್ ಅಳತೆಯ ಆರನೆಯ ಹಂತ, ಅಂದರೆ ನೆತ್ತಿ ಮತ್ತು ಹಣೆ ಒಂದಾಗಿ ಪಕ್ಕದ ಪಟ್ಟಿ ಮಾತ್ರ ಉಳಿದಿದೆ. ಫ್ರೆಂಚ್ ಗಡ್ಡ, ಗಲ್ಲದಲ್ಲಿ ನರೆ. ಮೈನಸ್ ಎರಡರ ಕನ್ನಡಕ, ಫ್ರೇಮಿನ ಮೇಲೆ 49□20 140 ಎಂದಿದೆ. ಅವರ ಕಣತಲೆಯ ಅಗಲ 146 ಮಿಲಿಮೀಟರ್.

ಮೊದಲು ಕನ್ನಡಕದ ಲೆಕ್ಕ. 49ರ ಎರಡರಷ್ಟು 98, ಸೇತುವೆ 20, ಕೀಲಿಗೆ 12, ಒಟ್ಟು 130. ಮುಖಕ್ಕಿಂತ 16 ಮಿಲಿಮೀಟರ್ ಕಿರಿದು. ದುಂಡುಮುಖ ಇನ್ನಷ್ಟು ಅಗಲವಾಗಿ ಕಾಣುವುದಕ್ಕೂ ಕಿವಿಯ ಮೇಲೆ ಗೆರೆ ಬೀಳುವುದಕ್ಕೂ ಇದೇ ಕಾರಣ. 55□18 150ರ ಫ್ರೇಮ್ ತೆಗೆದುಕೊಂಡರೆ 110, 18, 12 ಸೇರಿ 140 ಆಗುತ್ತದೆ. ಇನ್ನೂ ಆರು ಮಿಲಿಮೀಟರ್ ಕಡಿಮೆಯಿದ್ದರೂ ಅಷ್ಟು ನಡೆಯುತ್ತದೆ. ಮೇಲಂಚು ಹೆಚ್ಚುಕಡಿಮೆ ನೇರ, ಕೆಳಗೆ ಸ್ವಲ್ಪ ಬಾಗು, ಬಣ್ಣ ಗಾಢ ಕಂದು.

ತಲೆಯನ್ನು ಒಂದೇ ದಿನ ಬೋಳಿಸುವುದಿಲ್ಲ. ಕೂದಲಡಿಯ ಚರ್ಮ ಬಿಸಿಲು ಕಾಣದ್ದರಿಂದ, ಏಕಾಏಕಿ ಬೋಳಿಸಿದರೆ ಮುಖ ಒಂದು ಬಣ್ಣ, ತಲೆಯ ಪಕ್ಕ ಇನ್ನೊಂದು ಬಣ್ಣವಾಗಿ ಎರಡು ಮೂರು ವಾರ ಕಾಣುತ್ತದೆ. ಆದ್ದರಿಂದ ಮೊದಲ ವಾರ ಪಕ್ಕದ ಪಟ್ಟಿಯನ್ನು 3 ಮಿಲಿಮೀಟರಿಗೆ, ಎರಡನೆಯ ವಾರ ಗಾರ್ಡಿಲ್ಲದ ಟ್ರಿಮ್ಮರಿಗೆ, ನಾಲ್ಕನೆಯ ವಾರ ರೇಜರಿಗೆ ಇಳಿಸಲಾಗುತ್ತದೆ. ಅಷ್ಟೂ ದಿನ ಕೆನ್ನೆಯ ಗಡ್ಡ ಮುಟ್ಟುವುದಿಲ್ಲ. ನಾಲ್ಕು ವಾರಕ್ಕೆ ಅದು ಸುಮಾರು ಒಂದು ಸೆಂಟಿಮೀಟರ್ ಬೆಳೆದು ಫ್ರೆಂಚ್ ಗಡ್ಡದ ಜೊತೆ ಸೇರುತ್ತದೆ. ಎರಡನೆಯ ವಾರದಲ್ಲಿ ಕೆನ್ನೆ ಕೆರೆಯುತ್ತದೆ, ಸ್ಟಾಫ್‌ರೂಮಿನಲ್ಲಿ ಮೈ ಹುಷಾರಿಲ್ಲವೇ ಎಂದೂ ಕೇಳುತ್ತಾರೆ. ಅಲ್ಲಿ ಕೈಬಿಟ್ಟವರೇ ಹೆಚ್ಚು.

ನಾಲ್ಕನೆಯ ವಾರದ ಕೊನೆಗೆ ಕೆನ್ನೆ 6, ಗಲ್ಲ 12 ಮಿಲಿಮೀಟರ್, ಕಿವಿಯ ಮುಂದೆ ಮೇಲೆ ಹೇಳಿದ ಫೇಡ್. ಉಳಿಯುವುದು ನರೆಯ ಪ್ರಶ್ನೆ. ಗೋಧಿಬಣ್ಣದ ಚರ್ಮದ ಮೇಲೆ ಬಿಳಿ ಗಲ್ಲ ದೂರದಿಂದ ಕರಗಿಹೋಗಿ, ಗಡ್ಡ ಎರಡು ಕೆನ್ನೆಗಳಲ್ಲಿ ಮಾತ್ರ ಇದ್ದಂತೆ ತೋರುತ್ತದೆ. ಬಣ್ಣ ಹಚ್ಚುವ ಬದಲು ಗಲ್ಲದಲ್ಲಿ ಇನ್ನೂ ಮೂರು ಮಿಲಿಮೀಟರ್ ಬಿಟ್ಟು, ಕೆನ್ನೆಯನ್ನು ಕೊಂಚ ತೆಳುವಾಗಿಸಿದರೆ ಭಾರ ಮತ್ತೆ ಕೆಳಗೆ ಬರುತ್ತದೆ. ಬಣ್ಣವೇ ಬೇಕೆಂದರೆ ಕಪ್ಪುಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಮುಖ ಊದಿಸುವಷ್ಟು ಅಲರ್ಜಿ ತರುತ್ತದೆ ಎಂಬುದು ನೆನಪಿರಬೇಕು. ಕಿವಿಯ ಹಿಂದೆ ಒಂದಿಷ್ಟು ಹಚ್ಚಿ 48 ಗಂಟೆ ಕಾದು, ಕೆಂಪಾಗದಿದ್ದರೆ ಮಾತ್ರ ಗಡ್ಡಕ್ಕೆ.

ಬೋಳಿಸುವ ಕ್ರಮ, ಚರ್ಮ

ರೇಜರ್ ಹಿಡಿಯುವ ಮುನ್ನ ಕೂದಲು ಒಂದು ಮಿಲಿಮೀಟರಿಗಿಂತ ಉದ್ದವಿದ್ದರೆ ಟ್ರಿಮ್ಮರಿನಿಂದ ಇಳಿಸಬೇಕು. ಬೆಚ್ಚಗಿನ ನೀರಿನ ಸ್ನಾನದ ಕೊನೆಗೆ, ಕೂದಲು ಮೆತ್ತಗಾದ ಮೇಲೆ, ನೊರೆ ಹಚ್ಚಿ ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಬೇಕು. ತಲೆಯಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ನೆತ್ತಿಯ ಸುಳಿಯ ಸುತ್ತ ಕೂದಲು ತಿರುಗುತ್ತದೆ, ಹಿಂಗತ್ತಿನಲ್ಲಿ ಅಡ್ಡಕ್ಕೂ ಮೇಲಕ್ಕೂ ಬೆಳೆದಿರಬಹುದು. ಎರಡು ದಿನದ ಕೂದಲಿದ್ದಾಗ ಅಂಗೈಯಿಂದ ನಾಲ್ಕು ದಿಕ್ಕಿಗೂ ಸವರಿ ನೋಡಿದರೆ ಎಲ್ಲಿ ನುಣುಪು, ಎಲ್ಲಿ ಒರಟು ಎಂದು ತಿಳಿಯುತ್ತದೆ. ನುಣುಪಾಗಿ ಸರಿದ ದಿಕ್ಕೇ ಬೆಳವಣಿಗೆಯ ದಿಕ್ಕು. ಕಿವಿಯ ಹಿಂದಿನ ಮಡಿಕೆಯಲ್ಲಿ ಕಿವಿಯನ್ನು ಮುಂದಕ್ಕೆ ಬಾಗಿಸಿ ಚರ್ಮ ಬಿಗಿಯಾಗಿ ಹಿಡಿಯಬೇಕು, ಗಾಯಗಳಾಗುವುದು ಹೆಚ್ಚಾಗಿ ಅಲ್ಲೇ. ಗಾಯವಾದರೆ ಒದ್ದೆ ಮಾಡಿದ ಪಟಿಕದ ಕಲ್ಲು ಉಜ್ಜುವ ಹಳೆಯ ಪದ್ಧತಿ ಸಣ್ಣ ಗೀರಿಗೆ ಈಗಲೂ ಸಾಕು. ಕ್ಷೌರದಂಗಡಿಯಲ್ಲಿ ಬೋಳಿಸಿಕೊಳ್ಳುವವರು ಬ್ಲೇಡನ್ನು ಕಣ್ಣೆದುರೇ ಹೊಸದಾಗಿ ಹಾಕಿಸಬೇಕು. ಬಳಸಿದ ಬ್ಲೇಡಿನ ಮೂಲಕ ಹೆಪಟೈಟಿಸ್ ಬಿ ಮತ್ತು ಸಿ ಹರಡಬಲ್ಲವು.

ಪದೇ ಪದೇ ಬೋಳಿಸಿದರೆ ಕೂದಲು ದಪ್ಪ ಬೆಳೆಯುತ್ತದೆ ಎಂಬ ನಂಬಿಕೆ ಸುಳ್ಳೆಂದು ಮಿಲ್‌ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ತೋರಿಸಿದ್ದಳು. ಬ್ಲೇಡಿನಿಂದ ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟೆನಿಸುತ್ತದೆ, ಅಷ್ಟೆ.

ಬೋಳುತಲೆಯ ದೊಡ್ಡ ಶತ್ರು ಬಿಸಿಲು. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ನೆತ್ತಿ, ಕಿವಿಗಳ ಮೇಲಂಚು, ಹಿಂಗತ್ತಿಗೆ ಹಚ್ಚಿ, ಹೊರಗೆ ಇರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರುವವರು ಟೋಪಿ ಹಾಕುವುದೇ ಸುಲಭ. ಹೊಳಪು ಬೇಡವೆಂದರೆ ಜೆಲ್ ಮಾದರಿಯದು, ಕೆನೆಯಂಥದ್ದು ಹೊಳಪನ್ನು ಹೆಚ್ಚಿಸುತ್ತದೆ. ತಲೆಗೆ ಎಣ್ಣೆ ಹಚ್ಚುವ ರೂಢಿ ಬಿಡಲಾಗದವರು ಅದನ್ನು ರಾತ್ರಿಗೆ ಇಟ್ಟುಕೊಳ್ಳಬಹುದು, ಹಗಲು ಹಚ್ಚಿದರೆ ಕನ್ನಡಕದ ಕಡ್ಡಿ ನಿಲ್ಲದೆ ಜಾರುತ್ತದೆ. ಕೂದಲು ಹೋದರೂ ಹೊಟ್ಟು ಹೋಗುವುದಿಲ್ಲ. ಗಡ್ಡದೊಳಗೆ, ಹುಬ್ಬಿನಲ್ಲಿ, ಕಿವಿಯ ಹಿಂದೆ ಎಣ್ಣೆಯಂಟಿದ ಹೊಟ್ಟು ಕಂಡರೆ ವೈದ್ಯರು ಸಾಮಾನ್ಯವಾಗಿ ಕೀಟೊಕೊನಜೋಲ್ ಶಾಂಪೂ ಕೊಡುತ್ತಾರೆ. ಅದನ್ನು ಗಡ್ಡಕ್ಕೂ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯಬೇಕು.

ಎಲ್ಲರ ಚರ್ಮ ರೇಜರನ್ನು ಒಪ್ಪುವುದಿಲ್ಲ. ಗುಂಗುರು ಕೂದಲಿನವರಲ್ಲಿ ತೀರ ಹತ್ತಿರಕ್ಕೆ ಕತ್ತರಿಸಿದ ಕೂದಲು ಬಾಗಿ ಚರ್ಮದೊಳಕ್ಕೇ ಹೊಕ್ಕು ಗುಳ್ಳೆ ಏಳುತ್ತದೆ. ಹಿಂಗತ್ತಿನಲ್ಲಿ ಗಟ್ಟಿ ಗುಳ್ಳೆಗಳು ಒಂದಕ್ಕೊಂದು ಕೂಡಿ, ಕೂದಲು ಬಾರದ ದಪ್ಪ ಗಾಯಕಲೆಯಾಗುವ ಇನ್ನೊಂದು ತೊಂದರೆಯೂ ಇದೆ. ಗುಳ್ಳೆ ಎರಡು ವಾರವಾದರೂ ಇಳಿಯದೆ ಗಂಟುಕಟ್ಟಿದಂತೆ ಕೈಗೆ ಸಿಕ್ಕರೆ ರೇಜರ್ ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಬೇಕು. ಅಂಥವರಿಗೆ ಗಾರ್ಡಿಲ್ಲದ ಟ್ರಿಮ್ಮರೇ ಕೊನೆಯ ಹಂತ, ನುಣ್ಣನೆಯ ತಲೆಯ ಆಸೆ ಬಿಡಬೇಕು.

ಬೇರೆ ಕಾರಣಗಳಿಂದ ಬೋಳಾದವರು

ಅಲೋಪೇಶಿಯಾ ಏರಿಯೇಟಾ ಎಂಬ ತೊಂದರೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲಬುಡಗಳ ಮೇಲೆ ದಾಳಿ ಮಾಡುತ್ತದೆ. ತಲೆಯಲ್ಲಿ ದುಂಡು ಮಚ್ಚೆಗಳಾಗುತ್ತವೆ, ಗಡ್ಡದಲ್ಲೂ ಆಗಬಹುದು. ಹಾಗಿದ್ದಾಗ ಉದ್ದ ಗಡ್ಡ ಬಿಟ್ಟರೆ ಮಚ್ಚೆ ಎದ್ದು ಕಾಣುತ್ತದೆ, ಪೂರ್ತಿ ತೆಗೆಯುವುದೋ ತೀರ ಕುರುಚಲಾಗಿಡುವುದೋ ಮೇಲು. ಕಿಮೋಥೆರಪಿಯಲ್ಲಿ ತಲೆಗೂದಲಿನ ಜೊತೆ ಹುಬ್ಬು, ರೆಪ್ಪೆಗೂದಲೂ ಉದುರಬಹುದು. ಇವರಿಗೆ ಗಡ್ಡದ ನೆರವಿಲ್ಲ, ಕನ್ನಡಕವೇ ಎಲ್ಲವನ್ನೂ ಮಾಡಬೇಕು. ಮೇಲಂಚು ದಪ್ಪ, ಕೆಳಗೆ ತೆಳು ತಂತಿ ಇರುವ ಫ್ರೇಮನ್ನು ಹುಬ್ಬು ಇದ್ದ ಜಾಗಕ್ಕೆ ಸರಿಯಾಗಿ ಕೂರಿಸಿದರೆ, ದೂರದಿಂದ ಹುಬ್ಬು ಇಲ್ಲವೆಂದು ತಿಳಿಯುವುದೇ ಇಲ್ಲ. ಪವರ್ ಬೇಕಿಲ್ಲದವರು ಸಾದಾ ಗಾಜು ಹಾಕಿಸಿಕೊಳ್ಳುತ್ತಾರೆ. ಕಿಮೋಥೆರಪಿ ಪಡೆಯುವವರ ನೆತ್ತಿಯ ಚರ್ಮ ಔಷಧದಿಂದ ನಾಜೂಕಾಗಿರುವುದರಿಂದ ಬ್ಲೇಡ್ ಮುಟ್ಟಿಸದೆ, ಉಳಿದ ಕೂದಲನ್ನು ಟ್ರಿಮ್ಮರಿನಿಂದಷ್ಟೇ ತೆಗೆಯಬೇಕು.